ಭೀಷ್ಮನ ತಲೆದಿಂಬು

ಆಗಸ್ಟ್ ತಿಂಗಳು ಬಂತೆಂದರೆ ಬಹ್ರೇನಿನ ಬಚ್ಚಲುಮನೆಗಳಲ್ಲಿ ನಲ್ಲಿಗಳು ತಮ್ಮ ಕೆಲಸ ಅದಲುಬದಲು ಮಾಡಿಕೊಳ್ಳುತ್ತವೆ. ನೀಲಿ ಗುರುತಿನ ನಲ್ಲಿ ತಿರುಗಿಸಿದರೆ ತಾರಸಿಯ ಟ್ಯಾಂಕಿನಲ್ಲಿ ಇಡೀ ದಿನ ಬಿಸಿಲು ಕುಡಿದ ನೀರು ಮೈ ಸುಡುವ ಹಾಗೆ ಇಳಿಯುತ್ತದೆ. ಅದಕ್ಕೆ ಇಲ್ಲಿಯವರು ಕಂಡುಕೊಂಡ ಉಪಾಯ ಸರಳ. ಗೀಸರಿನ ಸ್ವಿಚ್ ಆರಿಸಿಬಿಡುವುದು. ಗೀಸರ್ ಇರುವುದು ಮನೆಯೊಳಗೆ, ಏಸಿಯ ತಂಪಿನಲ್ಲಿ. ಅದರೊಳಗೆ ನಿಂತ ನೀರು ಹದಕ್ಕೆ ಇಳಿದಿರುತ್ತದೆ. ಹಾಗಾಗಿ ತಣ್ಣೀರು ಬೇಕಾದವರು ಕೆಂಪು ಗುರುತಿನ ನಲ್ಲಿ ತಿರುಗಿಸಬೇಕು. ಪುತ್ತೂರಿನಿಂದ ಬಂದ ನನ್ನ ಅಮ್ಮನಿಗೆ ಇದನ್ನು ವಿವರಿಸಿದಾಗ ಅವಳು ನನ್ನ ಮುಖ ನೋಡಿ, "ದುಡ್ಡು ಕೊಟ್ಟು ಗೀಸರ್ ತಂದು ಆರಿಸಿ ಇಡುವ ಊರಾ ಇದು?" ಎಂದಳು.

ನಾವು ಅವಳನ್ನು ಕರೆಸಿಕೊಂಡದ್ದೇ ಜಾರಬಾರದು ಎಂದು. ಪುತ್ತೂರಿನ ಮಳೆಗಾಲದಲ್ಲಿ ನಮ್ಮ ಅಂಗಳ ಪಾಚಿ ಕಟ್ಟಿ ಕನ್ನಡಿಯ ಹಾಗಾಗುತ್ತದೆ. ಎಪ್ಪತ್ತೊಂಬತ್ತು ವರ್ಷದವಳು ಒಬ್ಬಳೇ ಆ ಅಂಗಳ ದಾಟಿ ಹಟ್ಟಿಗೆ ಹೋಗುವುದನ್ನು ನೆನೆದರೆ ನನಗೆ ಗುದೈಬಿಯಾದ ನಾಲ್ಕನೇ ಮಹಡಿಯಲ್ಲಿ ನಿದ್ದೆ ಬರುತ್ತಿರಲಿಲ್ಲ. ವಿಸಿಟ್ ವೀಸಾ ಮಾಡಿಸಿ ಮಳೆ ಕಳೆಯುವವರೆಗೆ ಇಲ್ಲಿರಲಿ ಎಂದು ಕರೆದುಕೊಂಡು ಬಂದೆವು. ಬಂದವಳು ಅಭ್ಯಾಸಬಲದಿಂದ ನೀಲಿ ನಲ್ಲಿಗೇ ಕೈಹಾಕಿದಳು, ಕಾಲಿನ ಮೇಲೆ ಕುದಿನೀರು ಬಿತ್ತು, ಹಿಂದಕ್ಕೆ ಹಾರಿದಳು, ಟೈಲ್ಸಿನ ಮೇಲೆ ಹಿಮ್ಮಡಿ ಜಾರಿತು. ಟವೆಲ್ ಸರಳು ಹಿಡಿದುಕೊಂಡಳು, ಸರಳು ಕಿತ್ತುಬಂತು. ಮೊಣಕೈ ಗೋಡೆಗೆ ಬಡಿದು ನೀಲಿಗಟ್ಟಿತು.

"ಆಸ್ಪತ್ರೆಗೆ ಹೋಗುವ" ಅಂದೆ. "ಮೊಣಕೈ ತೋರಿಸಲಿಕ್ಕೆ ಆಸ್ಪತ್ರೆಗಾ? ಇಗೋ ನೋಡು" ಎಂದು ಅವಳು ಕೈಯನ್ನು ಮಡಚಿ, ಬಿಡಿಸಿ, ತಲೆಯ ಮೇಲೆ ಎತ್ತಿ, ಮಜ್ಜಿಗೆ ಕಡೆಯುವ ಹಾಗೆ ತಿರುಗಿಸಿ ತೋರಿಸಿದಳು. ತಲೆ ಬಡಿದಿರಲಿಲ್ಲ. ರಕ್ತ ತೆಳು ಮಾಡುವ ಮಾತ್ರೆ ಅವಳಿಗೆ ಇಲ್ಲ. ಇವೆರಡರಲ್ಲಿ ಒಂದಿದ್ದರೂ ನಾನು ಅಷ್ಟಕ್ಕೆ ಬಿಡುವವಳಲ್ಲ. ಆ ಮಾತ್ರೆ ತೆಗೆದುಕೊಳ್ಳುವ ವೃದ್ಧರ ತಲೆಗೆ ಏಟು ಬಿದ್ದರೆ ಆಗ ಏನೂ ಕಾಣದೆ ದಿನಗಳ, ಕೆಲವೊಮ್ಮೆ ವಾರಗಳ ಮೇಲೆ ಒಳಗೆ ರಕ್ತ ಕಟ್ಟಿಕೊಂಡದ್ದು ಗೊತ್ತಾಗುವುದುಂಟು. ಮೊಣಕೈಗೆ ಹಾಗಿಲ್ಲ. ಅಮ್ಮನ ವಾದ ಸರಿಯಿತ್ತು. ತೆಂಗಿನೆಣ್ಣೆ ಹಚ್ಚಿಕೊಂಡು ಮಲಗಿದಳು.

ಅಮ್ಮ ಬೇಡವೆನ್ನುವುದರಲ್ಲಿ ಒಂದು ಪದ್ಧತಿಯಿದೆ. ಪ್ರತಿ ನಿರಾಕರಣೆಗೂ ಒಂದು ಕಾರಣ, ಕಾರಣದ ಜೊತೆ ಒಂದು ಬದಲಿ ವ್ಯವಸ್ಥೆ. ಕಣ್ಣಿನ ಪೊರೆಯ ಆಪರೇಷನ್ ಬೇಡವೆಂದಳು, ಯಾಕೆಂದರೆ ಅಡಿಕೆ ಸುಲಿಯುವ ಕಾಲ. ಸುಲಿದು ಮುಗಿದ ಮೇಲೆ ತಾನೇ ಬಸ್ಸು ಹತ್ತಿ ಮಂಗಳೂರಿಗೆ ಹೋಗಿ ಮಾಡಿಸಿಕೊಂಡಳು. ಮೊಣಕಾಲಿನ ಚಿಪ್ಪು ಬದಲಾಯಿಸುವುದು ಬೇಡವೇ ಬೇಡ ಎಂದಳು. "ಕಾಲು ನನ್ನದು, ನೋವೂ ನನ್ನದು, ನಾನು ಮಾಳಿಗೆ ಹತ್ತುವುದು ಬಿಟ್ಟರೆ ಆಯಿತಲ್ಲ" ಎಂದು ಮಂಚವನ್ನು ಕೆಳಗೆ ತರಿಸಿದಳು. ಡಾಕ್ಟರಿಗೆ ಅದು ಹಠವಾಗಿ ಕಂಡಿತು. ನನಗೆ ಅದರಲ್ಲಿ ಲೆಕ್ಕಾಚಾರ ಕಂಡಿತು. ಲಾಭನಷ್ಟ ತೂಗಿ ನೋಡಿದವಳಿಗೆ ನಷ್ಟದ ತಕ್ಕಡಿ ಕೆಳಗಿಳಿದಿತ್ತು, ಅಷ್ಟೆ. ನನ್ನ ತಕ್ಕಡಿ ಬೇರೆ ಹೇಳಬಹುದು, ಆದರೆ ಕಾಲು ನನ್ನದಲ್ಲ ಎಂಬುದು ನಿಜವಲ್ಲವೇ?

ಇಲ್ಲಿ ಐವತ್ತು ದಾಟಿದ ಕನ್ನಡಿಗರು ನಾಲ್ವರು ಸೇರಿದರೆ ಮಾತು ಬೇಗನೆ ಇಲ್ಲಿಗೇ ಬರುತ್ತದೆ. ಮೊದಲೆಲ್ಲ ಮಕ್ಕಳ ಸೀಟು, ಊರಲ್ಲಿ ಸೈಟು. ಈಗ ಅಪ್ಪನ ಶುಗರು, ಅಮ್ಮನ ಸೊಂಟ. ಬಹ್ರೇನ್ ಕನ್ನಡ ಸಂಘ 1977ರಷ್ಟು ಹಳೆಯದು. ಅದು ಶುರುವಾದಾಗ ಇಪ್ಪತ್ತೈದರ ಹುಡುಗರಾಗಿದ್ದವರ ತಂದೆತಾಯಿಯರ ಚಿಂತೆ ಮುಗಿದು, ಈಗ ಅವರದ್ದೇ ಚಿಂತೆ ಅವರ ಮಕ್ಕಳಿಗೆ ಹತ್ತಿದೆ. ಊರಿನ ಗಡಿಯಾರ ಇಲ್ಲಿಗಿಂತ ಎರಡೂವರೆ ಗಂಟೆ ಮುಂದೆ. ನಾವು ಆಫೀಸು ಬಿಟ್ಟು ಫೋನ್ ಮಾಡುವ ಹೊತ್ತಿಗೆ ಅಲ್ಲಿ ಊಟ ಮುಗಿದು, ಬಿದ್ದ ವಿಷಯವನ್ನು ಮುಚ್ಚಿಡುವ ತಯಾರಿಯೂ ಮುಗಿದಿರುತ್ತದೆ. ಒಂದು ಶುಕ್ರವಾರ ಹೀಗೇ ಮಾತಾಡುವಾಗ ಒಬ್ಬರು "ಗಟ್ಟಿಮನಸ್ಸು ಮಾಡಿ ಹೋಮ್ ನರ್ಸ್ ಇಟ್ಟುಬಿಡಬೇಕು, ನಾಲ್ಕು ದಿನ ಬೈತಾರೆ, ಆಮೇಲೆ ಸರಿಯಾಗ್ತಾರೆ" ಎಂದರು. ಇನ್ನೊಬ್ಬರು "ಇಚ್ಛಾಮರಣ ಸ್ವಾಮಿ, ಭೀಷ್ಮರು ಅವರು, ಬಿಟ್ಟುಬಿಡಿ" ಎಂದರು.

ಕರಾವಳಿಯವರ ಮಧ್ಯೆ ಭೀಷ್ಮನ ಹೆಸರು ಎತ್ತಬಾರದು. ಎತ್ತಿದರೆ ತಾಳಮದ್ದಳೆ ಕೇಳಿ ಬೆಳೆದವರು ಒಬ್ಬರಾದರೂ ಇದ್ದೇ ಇರುತ್ತಾರೆ. ಆ ದಿನ ಇದ್ದದ್ದು ನನ್ನ ಅಮ್ಮ. ಮೂಲೆಯಲ್ಲಿ ಚಹಾ ಕುಡಿಯುತ್ತಿದ್ದವಳು ಲೋಟ ಕೆಳಗಿಟ್ಟು, "ಭೀಷ್ಮನನ್ನು ಯಾರು ಬಿಟ್ಟುಬಿಟ್ಟದ್ದು?" ಎಂದು ಕೇಳಿದಳು. ಶರಶಯ್ಯೆಯಲ್ಲಿ ಮಲಗಿದವನ ಬಳಿಗೆ ದುರ್ಯೋಧನ ಬಾಣ ಕೀಳುವ ವೈದ್ಯರನ್ನು ಕರೆತಂದ. ಭೀಷ್ಮ ಅವರಿಗೆ ದುಡ್ಡು ಕೊಟ್ಟು ಕಳಿಸು ಎಂದ. ರಾಜರು ಮೆತ್ತಗಿನ ದಿಂಬುಗಳನ್ನು ತಂದರು, ಅದೂ ಬೇಡ ಎಂದ. ಆದರೆ ತಲೆ ಜೋಲುತ್ತಿದೆ ಎಂದೂ ಅವನೇ ಹೇಳಿದ. ಅರ್ಜುನ ಮೂರು ಬಾಣ ಹೊಡೆದು ತಲೆಗೆ ಆಸರೆ ಮಾಡಿದ. ನೀರು ಕೇಳಿದಾಗಲೂ ಹಾಗೇ, ಉಳಿದವರ ಹೂಜಿಗಳನ್ನು ಬಿಟ್ಟು ಅರ್ಜುನ ನೆಲಕ್ಕೆ ಬಾಣ ಬಿಟ್ಟು ಬರಿಸಿದ ನೀರನ್ನೇ ಕುಡಿದ. ಅಮ್ಮನ ಅರ್ಥಗಾರಿಕೆ ಅಲ್ಲಿಗೆ ನಿಂತಿತು, ಚಹಾ ಆರುತ್ತಿತ್ತು. ಹೋಮ್ ನರ್ಸ್ ಪಕ್ಷದವರಾಗಲಿ, ಬಿಟ್ಟುಬಿಡುವ ಪಕ್ಷದವರಾಗಲಿ ಆಮೇಲೆ ಮಾತಾಡಲಿಲ್ಲ. ಭೀಷ್ಮ ತಳ್ಳಿದ್ದು ಮೆತ್ತಗಿನ ದಿಂಬನ್ನು, ತಲೆಗೆ ಆಸರೆಯನ್ನಲ್ಲ ಎಂಬ ಈ ಭೇದ ನನಗೆ ಮುಂದೆ ಬಹಳ ಉಪಯೋಗಕ್ಕೆ ಬಂತು.

ಅದಕ್ಕೂ ಮುಂಚೆ ಇನ್ನೊಂದು ಭೇದ ಕಲಿಯಬೇಕಾಗಿ ಬಂತು.

ಅಮ್ಮ ಪುತ್ತೂರಿನಿಂದಲೇ ಬಿಪಿ ಮಾತ್ರೆ ತಂದಿದ್ದಳು. ಅದರಲ್ಲಿ ರಕ್ತದೊತ್ತಡದ ಔಷಧದ ಜೊತೆಗೆ ಹೈಡ್ರೋಕ್ಲೋರೋಥಯಾಝೈಡ್ ಎಂಬ, ಮೂತ್ರ ಇಳಿಸುವ ಔಷಧವೂ ಸೇರಿತ್ತು. ಈ ಔಷಧ ನೀರಿನ ಜೊತೆ ಉಪ್ಪನ್ನೂ ಹೊರಗೆ ಹಾಕುತ್ತದೆ. ಬಿಪಿಗೆಂದು ಊಟದಲ್ಲಿ ಅವಳು ಉಪ್ಪು ಬಿಟ್ಟು ವರ್ಷಗಳಾಗಿದ್ದವು. ಅದರ ಮೇಲೆ ಬೆಂಗಳೂರಿನ ಚಿಕ್ಕಮ್ಮ ದಿನಾ ಫೋನ್ ಮಾಡಿ "ಅರಬ್ಬಿ ದೇಶ ಅಕ್ಕಾ, ನೀರು ಕುಡಿ, ಕುಡೀತಾ ಇರು" ಎನ್ನುತ್ತಿದ್ದಳು. ಏಸಿಯಲ್ಲಿ ಕುಳಿತು, ಹಸಿವಿಲ್ಲವೆಂದು ಎರಡು ತುತ್ತು ಗಂಜಿ ಉಂಡು, ಚೊಂಬುಗಟ್ಟಲೆ ಬರೀ ನೀರು ಕುಡಿದರೆ ಆಗುವುದೇನು? ರಕ್ತದಲ್ಲಿ ಸೋಡಿಯಂ ತೆಳುವಾಗುತ್ತಾ ಹೋಗುತ್ತದೆ. ಅದು ಕಡಿಮೆಯಾದರೆ ಮೊದಲು ಕೈಕೊಡುವುದು ಮಿದುಳು.

ಮೊದಲು ವಾಕರಿಕೆ, ತಲೆ ಭಾರ. ಆಮೇಲೆ ನಡಿಗೆ ಓಲಾಡತೊಡಗಿತು. ಒಂದು ಬೆಳಗ್ಗೆ ನನ್ನ ಗಂಡನನ್ನು ತನ್ನ ತೀರಿಹೋದ ತಮ್ಮನ ಹೆಸರು ಹಿಡಿದು ಕರೆದು, ತೋಟಕ್ಕೆ ನೀರು ಬಿಟ್ಟೆಯಾ ಎಂದಳು. ಮಧ್ಯಾಹ್ನ ಮಾತಿನ ನಡುವೆಯೇ ತೂಕಡಿಸಿದಳು. ಸಂಜೆಗೆ ಪುನಃ ಸರಿ, ಟಿವಿಯವರ ಕನ್ನಡದಲ್ಲಿ ತಪ್ಪು ಹುಡುಕುವಷ್ಟು ಸರಿ. ಆಸ್ಪತ್ರೆ ಎಂದಾಗ ಬೇಡ ಅಂದಳು. ಯಾಕೆ ಅಂದರೆ ಬೇಡ. ಮತ್ತೇನು ಮಾಡುವ ಅಂದರೂ ಬೇಡ. ಸ್ವಲ್ಪ ಹೊತ್ತಿನ ಮೇಲೆ ಕೇಳಿದರೆ ತಾನು ಬೇಡ ಎಂದದ್ದೇ ಅವಳಿಗೆ ನೆನಪಿರಲಿಲ್ಲ.

ಎಪ್ಪತ್ತೊಂಬತ್ತು ವರ್ಷ ಕಾರಣವಿಲ್ಲದೆ ಏನನ್ನೂ ಬೇಡವೆನ್ನದವಳು ಆ ದಿನ ಬರಿಗೈಯಲ್ಲಿ ಬೇಡ ಎನ್ನುತ್ತಿದ್ದಳು. ನಾನು ಹೆದರಿದ್ದು ಅದಕ್ಕೆ. ಎರಡನೇ ಮಹಡಿಯಲ್ಲಿ ಕುಂಬಳೆ ಕಡೆಯ ನರ್ಸ್ ಒಬ್ಬರಿದ್ದಾರೆ, ಅವರಿಗೆ ಫೋನ್ ಮಾಡಿದೆ. ಚಪ್ಪಲಿಯನ್ನೂ ಹಾಕದೆ ಮೇಲೆ ಬಂದವರು ಅಮ್ಮನ ಪಕ್ಕ ಕೂತು, "ಅಮ್ಮಾ, ವಾರಗಳನ್ನು ಹಿಂದಿನಿಂದ ಹೇಳಿ ನೋಡುವ" ಎಂದರು. ಅಮ್ಮ "ಶನಿ, ಶುಕ್ರ, ಗುರು" ಎಂದು ಮೂರು ಹೆಜ್ಜೆ ಹಿಂದೆ ಹೋಗಿ, "ಶುಕ್ರ, ಶನಿ" ಎಂದು ಮುಂದಕ್ಕೆ ತಿರುಗಿದಳು. ಪಂಚಾಂಗ ನೋಡದೆ ತಿಥಿ ಹೇಳುವವಳು! ನರ್ಸ್ ನನ್ನನ್ನು ಅಡುಗೆಮನೆಗೆ ಕರೆದು ಹೇಳಿದರು: ಮರೆವಿನ ಕಾಯಿಲೆ ಬರುವುದು ತಿಂಗಳು ವರ್ಷಗಳಲ್ಲಿ. ಗಂಟೆ ದಿನಗಳಲ್ಲಿ ಬಂದು, ಹೊತ್ತಿಗೊಂದು ಥರ ಏರಿಳಿಯುವುದಾದರೆ, ಗಮನ ನಿಲ್ಲದಿದ್ದರೆ, ಅದು ಡೆಲಿರಿಯಂ. ಅದರ ಹಿಂದೆ ಮೂತ್ರದ ಸೋಂಕೋ, ಸೋಡಿಯಮ್ಮೋ, ನ್ಯುಮೋನಿಯಾವೋ, ಹೊಸ ಮಾತ್ರೆಯೋ ಏನೋ ಒಂದು ಇರುತ್ತದೆ, ಸಾಮಾನ್ಯವಾಗಿ ಗುಣವಾಗುವಂಥದ್ದು. ಈಗ ಬೇಡ ಎನ್ನುತ್ತಿರುವುದು ನಿಮ್ಮ ಅಮ್ಮ ಅಲ್ಲ.

ಇಷ್ಟು ಗೊತ್ತಾದ ಮೇಲೆ ಕರೆದುಕೊಂಡು ಹೋಗುವುದೋ ಬಿಡುವುದೋ ಎಂಬ ಚರ್ಚೆಗೆ ಜಾಗವಿರಲಿಲ್ಲ. ಹೇಗೆ ಎಂಬುದಷ್ಟೇ ಉಳಿದದ್ದು. ನರ್ಸ್ ವಾದಕ್ಕೆ ನಿಲ್ಲಲಿಲ್ಲ, ಸುಳ್ಳನ್ನೂ ಹೇಳಲಿಲ್ಲ. "ಸೀರೆ ಬದಲಿಸುವ" ಎಂದರು, ಅದಕ್ಕೆ ಅಮ್ಮ ಒಪ್ಪಿದಳು. "ಲಿಫ್ಟಿನವರೆಗೆ ಬನ್ನಿ." ಬಂದಳು. ಕಾರಿನಲ್ಲಿ ಕೂತ ಮೇಲೆ "ಆಸ್ಪತ್ರೆಗೆ ಹೋಗ್ತಿದ್ದೇವೆ ಅಮ್ಮ, ನಾನು ಜೊತೆಗೇ ಇರ್ತೇನೆ" ಎಂದರು. ಅಮ್ಮ ಕಿಟಕಿಯ ಹೊರಗೆ ನೋಡುತ್ತ ಕೂತಳು. ಎಬ್ಬಿಸಿದರೆ ಏಳದ ಸ್ಥಿತಿಯೋ, ಎದೆನೋವೋ, ಬಾಯಿ ಸೊಟ್ಟಗಾದದ್ದೋ ಆಗಿದ್ದರೆ ಈ ಸಂಧಾನಕ್ಕೆಲ್ಲ ಹೊತ್ತಿಲ್ಲ, ಇಲ್ಲಿ 999, ಊರಿನಲ್ಲಾದರೆ 108.

ಸೋಡಿಯಂ 135ರಿಂದ 145ರೊಳಗೆ ಇರಬೇಕಾದದ್ದು ಅಮ್ಮನಿಗೆ 119 ಇತ್ತು. ಈಜಿಪ್ಟಿನ ಡಾಕ್ಟರು ಮೊದಲು ಮಾಡಿದ ಕೆಲಸ ಆ ಬಿಪಿ ಮಾತ್ರೆ ನಿಲ್ಲಿಸಿದ್ದು, ಎರಡನೆಯದು ಬರೀ ನೀರು ಕುಡಿಯುವುದಕ್ಕೆ ಮಿತಿ ಹಾಕಿದ್ದು. ಉಪ್ಪಿನ ದ್ರಾವಣವನ್ನು ರಕ್ತನಾಳಕ್ಕೆ ಹನಿಹನಿಯಾಗಿ ಏರಿಸಿದರು. ಬೇಗ ಏರಿಸಿ ಮುಗಿಸಬಾರದೇ ಎಂದು ನನ್ನ ಗಂಡ ಕೇಳಿದರು. ಕೂಡದು ಎಂದರು ಡಾಕ್ಟರು. ದಿನಕ್ಕೆ ಎಂಟು, ಹೆಚ್ಚೆಂದರೆ ಹತ್ತು ಅಂಕಕ್ಕಿಂತ ಮೇಲೆ ಏರಿಸಿದರೆ ಮಿದುಳಿನ ನರಗಳ ಹೊದಿಕೆಯೇ ಕಳಚಿ ಶಾಶ್ವತ ಹಾನಿಯಾಗಬಹುದಂತೆ. ಅದಕ್ಕಾಗಿ ಕೆಲವು ಗಂಟೆಗೊಮ್ಮೆ ರಕ್ತ ತೆಗೆದು ನೋಡುತ್ತಿದ್ದರು.

ಅಂಕ ಏರಿದ ಹಾಗೆ ಅಮ್ಮ ಹಿಂದೆ ಬಂದಳು. ಅವಳು ಬಂದದ್ದು ನನಗೆ ಗೊತ್ತಾದದ್ದು ಹೇಗೆಂದರೆ, ಕಾರಣಸಮೇತ ಜಗಳ ಶುರುವಾಯಿತು. ಮೂತ್ರಕ್ಕೆ ಹಾಕಿದ ನಳಿಗೆಯನ್ನು ತೆಗೆಯಬೇಕು ಎಂದಳು. ಎಷ್ಟು ಮೂತ್ರ ಹೋಗುತ್ತಿದೆ ಎಂದು ಅಳೆಯಲು ಅದು ಬೇಕಿತ್ತು. ನನ್ನ ಗಂಡ ಇಂಗ್ಲಿಷಿನಲ್ಲಿ ಡಾಕ್ಟರಿಗೆ, "ಸ್ವಲ್ಪ ಇರಿಸುಮುರಿಸು ಆಗ್ತಿದೆ ಅಂತಾರೆ, ಪರವಾಗಿಲ್ಲ" ಎಂದು ಅನುವಾದ ಮಾಡಿದರು. ಮನೆಯವರು ಅನುವಾದಕರಾದರೆ ಹೀಗೇ, ಮುಳ್ಳೆಲ್ಲ ತೆಗೆದು ಬಡಿಸುತ್ತಾರೆ. ಡಾಕ್ಟರಿಗೆ ಅನುಮಾನ ಬಂದಿರಬೇಕು, ಅಮ್ಮನ ದನಿಗೂ ಆ ಅನುವಾದಕ್ಕೂ ಹೊಂದಿಕೆಯಿರಲಿಲ್ಲ. ವಾರ್ಡಿನಲ್ಲಿ ಕನ್ನಡ ಬಲ್ಲ ಕಾಸರಗೋಡಿನ ಸಿಸ್ಟರ್ ಒಬ್ಬರನ್ನು ಕರೆಸಿದರು. ನಮ್ಮನ್ನು ಹೊರಗೆ ನಿಲ್ಲಿಸಲಿಲ್ಲ, ಆದರೆ ಬಾಯಿ ಮುಚ್ಚಿಕೊಂಡಿರಲು ಹೇಳಿದರು.

ಅವರು ಕೇಳಿದ ಪ್ರಶ್ನೆಗಳನ್ನು ನಾನು ಮರೆತಿಲ್ಲ. ನಿಮಗೆ ಏನಾಗಿದೆ, ನಿಮ್ಮ ಮಾತಿನಲ್ಲೇ ಹೇಳಿ. ಈ ನಳಿಗೆ ಯಾಕೆ ಹಾಕಿದ್ದು? ತೆಗೆದರೆ ಏನಾಗಬಹುದು? ಬೇಡ ಎನ್ನುವುದು ಯಾಕೆ? ಅಮ್ಮ ಎದ್ದು ಕೂತು ಉತ್ತರಿಸಿದಳು. "ರಕ್ತದಲ್ಲಿ ಉಪ್ಪು ಕಡಿಮೆಯಾಗಿ ತಲೆ ಕೆಟ್ಟಿತ್ತು. ಇದು ಉಚ್ಚೆ ಅಳೆಯಲಿಕ್ಕೆ. ತೆಗೆದರೆ ನಿಮಗೆ ಲೆಕ್ಕ ತಪ್ಪಬಹುದು. ಇಟ್ಟರೆ ನನಗೆ ನಿದ್ದೆ ಇಲ್ಲ, ಮರ್ಯಾದೆಯೂ ಇಲ್ಲ. ಒಂದು ಪಾತ್ರೆ ಕೊಡಿ, ಅದರಲ್ಲಿ ಮಾಡ್ತೇನೆ, ನೀವು ಅಳೆದುಕೊಳ್ಳಿ." ಡಾಕ್ಟರು ನಕ್ಕು ಸಿಸ್ಟರಿಗೆ ತೆಗೆಯಲು ಹೇಳಿದರು. ಅಂಥ ನಳಿಗೆ ಹೆಚ್ಚು ದಿನ ಇದ್ದರೆ ಸೋಂಕು ತರುತ್ತದೆ, ವೃದ್ಧರಲ್ಲಿ ಗಲಿಬಿಲಿಯನ್ನೂ ಹೆಚ್ಚಿಸುತ್ತದೆ, ಅವರು ಹೇಳಿದ್ದೇ ಒಳ್ಳೆಯದು ಎಂದರು.

ಅವರು ನೋಡಿದ್ದು ಇಷ್ಟು: ವಿಷಯ ಅರ್ಥವಾಗಿದೆಯೇ, ತನಗೆ ಅನ್ವಯಿಸುತ್ತದೆಂದು ಗೊತ್ತೇ, ಎರಡನ್ನೂ ತೂಗುತ್ತಾರೆಯೇ, ತೀರ್ಮಾನವನ್ನು ಹೇಳಬಲ್ಲರೇ. ತೀರ್ಮಾನ ಜಾಣತನದ್ದೋ ದಡ್ಡತನದ್ದೋ ಎಂಬುದು ಆ ಪರೀಕ್ಷೆಯಲ್ಲಿ ಇಲ್ಲ. ಅಷ್ಟೇ ಅಲ್ಲ, ಪರೀಕ್ಷೆ ಒಂದೊಂದು ತೀರ್ಮಾನಕ್ಕೆ ಬೇರೆ ಬೇರೆ. ಬ್ಯಾಂಕಿನ ಲೆಕ್ಕ ನೋಡಲಾಗದವರು ನಳಿಗೆ ಬೇಕೋ ಬೇಡವೋ ಹೇಳಬಲ್ಲರು. ಸೋಮವಾರ ಹೇಳಲಾಗದವರು ಬುಧವಾರ ಹೇಳಬಲ್ಲರು. "ವಯಸ್ಸಾಯ್ತು, ಅವರಿಗೆ ಏನು ಗೊತ್ತಾಗ್ತದೆ" ಎಂಬ ನಮ್ಮ ಸಾರಾಸಗಟು ತೀರ್ಪನ್ನು ಯಾವ ಒಳ್ಳೆಯ ಡಾಕ್ಟರೂ ಒಪ್ಪುವುದಿಲ್ಲ.

ಮನೆಗೆ ಬಂದ ಮೇಲೆ ಅಸಲು ಕಷ್ಟ. ಹಾಸಿಗೆಯಲ್ಲಿದ್ದು ಎದ್ದವಳಿಗೆ ಕಾಲಿನಲ್ಲಿ ಕಸುವಿಲ್ಲ. ನಾವಿಬ್ಬರೂ ಆಫೀಸಿಗೆ ಹೋಗುವವರು. ಹಗಲಿಗೆ ಒಬ್ಬ ಹೆಂಗಸನ್ನು ಇಡೋಣ ಎಂದೆ. ಬೇಡ. ಈ ಬಾರಿ ನಾನು ಪೂರ್ತಿ ಕೇಳಿಸಿಕೊಂಡೆ, ಬೇಡವಾದದ್ದು ಯಾವ ಭಾಗ ಎಂದು. ಮನೆಯಲ್ಲಿ ಇನ್ನೊಂದು ಜೀವ ಇರುವುದಕ್ಕೆ ಅವಳ ಆಕ್ಷೇಪವಿರಲಿಲ್ಲ. ಸ್ನಾನ ಮಾಡಿಸುತ್ತಾರೆ, ಮೈ ಮುಟ್ಟುತ್ತಾರೆ, ಅಡುಗೆಮನೆಯ ಪಾತ್ರೆಗೆ ಕೈಹಾಕುತ್ತಾರೆ, ಇವು ಮೂರು ಬೇಡ. ಸರಿ, ಮೂರನ್ನೂ ತೆಗೆದುಹಾಕಿದೆವು. ಗಂಟೆ ಲೆಕ್ಕದಲ್ಲಿ ಕಸಮುಸುರೆಗೆ ಬರುವ ಶ್ರೀಲಂಕಾದ ಹೆಂಗಸನ್ನು ಅಮ್ಮನ ಸ್ನಾನದ ಹೊತ್ತಿಗೆ ಸರಿಯಾಗಿ ಬರಲು ಹೇಳಿದೆವು. ಅವಳು ಬರುವುದು ನೆಲ ಒರೆಸಲು. ಬಚ್ಚಲಿನ ಹೊರಗಿನ ನೆಲ ಆ ದಿನಗಳಲ್ಲಿ ಹೊಳೆಯುತ್ತಿತ್ತು.

ಬಚ್ಚಲಿಗೆ ಪ್ಲಾಸ್ಟಿಕ್ ಸ್ಟೂಲು ತಂದೆವು, ಕೂತು ಮೀಯಲು. ಟವೆಲ್ ಸರಳಿನ ಜಾಗದಲ್ಲಿ ಸ್ಟೀಲಿನ ಹಿಡಿಕೆ ಹಾಕಿಸಿದೆವು. ಅಂಗಡಿಯವನು ಗೋಡೆಗೆ ಅಂಟುವ ರಬ್ಬರಿನ ಬಟ್ಟಲಿನ ಹಿಡಿಕೆ ತೋರಿಸಿದ, ಡ್ರಿಲ್ಲೇ ಬೇಡ ಎಂದ. ಅಂಥದ್ದು ಟೈಲ್ಸಿನ ಸಂದಿಯ ಮೇಲೆ ಕೂತರೆ ಗಾಳಿ ಹೊಕ್ಕು, ಭಾರ ಬಿದ್ದ ದಿನವೇ ಕೈಕೊಡುತ್ತದೆ. ಮನೆಮಾಲೀಕರನ್ನು ಕೇಳಿ ಗೋಡೆ ಕೊರೆಸಿ, ಬೋಲ್ಟ್ ಹಾಕಿಸಿದ್ದಾಯಿತು. ಆಮೇಲೆ ಚಿಲಕದ ಪ್ರಶ್ನೆ. ಒಳಗೆ ಬಿದ್ದರೆ ಬಾಗಿಲು ಒಡೆಯಬೇಕು, ಚಿಲಕ ಹಾಕಬೇಡ ಎಂದರೆ ಯಾವ ಹೆಂಗಸು ಒಪ್ಪುತ್ತಾಳೆ? ಹೊರಗಿನಿಂದ ನಾಣ್ಯ ತೂರಿಸಿ ತಿರುಗಿಸಿದರೆ ತೆರೆಯುವ ಚಿಲಕ ಸಿಗುತ್ತದೆ, ಅದನ್ನು ಹಾಕಿಸಿದೆವು. ನಾಣ್ಯವನ್ನು ಬಾಗಿಲಿನ ಚೌಕಟ್ಟಿಗೆ ಅಂಟಿಸಿದ್ದು ಅಮ್ಮನೇ, ನೂರು ಫಿಲ್ಸಿನದ್ದು. ನೀಲಿ ನಲ್ಲಿಗೆ ಅವಳದ್ದೇ ಹಳೆ ಸೀರೆಯ ತುಂಡು ಬಿಗಿದು ಕಟ್ಟಿದಳು.

ನಮ್ಮ ಕಟ್ಟಡದ ಕೆಳಗಿನ ಮನೆಯ ಬಹ್ರೇನಿ ಅಜ್ಜಿಯ ಕಥೆಯೂ ಇದೇ. ವಾಕರ್ ಹಿಡಿಯುವುದೆಂದರೆ ಅವರಿಗೆ ಅವಮಾನ. ಆದರೆ ಸೂಪರ್ ಮಾರ್ಕೆಟ್ಟಿನ ತಳ್ಳುಗಾಡಿಯನ್ನು ಒಂದು ಪೊಟ್ಟಣ ಖರ್ಜೂರಕ್ಕಾಗಿ ಇಡೀ ಅಂಗಡಿ ಸುತ್ತಿಸುತ್ತಾರೆ. ಮಗ ಹಿಂದೆ ನಡೆಯುತ್ತಾನೆ. ಅಮ್ಮನಿಗೂ ಅವರಿಗೂ ಒಂದು ಭಾಷೆಯಿಲ್ಲ, ಲಿಫ್ಟಿನಲ್ಲಿ ಸಿಕ್ಕರೆ ಇಬ್ಬರೂ ಪರಸ್ಪರರ ಮೊಣಕಾಲು ಮುಟ್ಟಿ ತೋರಿಸಿಕೊಂಡು ನಗುತ್ತಿದ್ದರು.

ಮಳೆ ಬಿಟ್ಟ ಮೇಲೆ ಊರಿಗೆ ಹೊರಟೇಬಿಟ್ಟಳು. ಹೋದವಳು ಮಾಡಿದ ಮೊದಲ ಕೆಲಸ ನಮಗೆ ಹೇಳದೆ ನೋಟರಿಯ ಬಳಿ ಹೋದದ್ದು. 2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟು ಘನತೆಯಿಂದ ಸಾಯುವುದೂ ಬದುಕುವ ಹಕ್ಕಿನ ಭಾಗ ಎಂದು ಹೇಳಿ, ಮುಂಗಡ ವೈದ್ಯಕೀಯ ನಿರ್ದೇಶನ ಬರೆದಿಡಲು ದಾರಿ ಮಾಡಿತು. ಆ ದಾರಿ ಮೊದಲು ಮ್ಯಾಜಿಸ್ಟ್ರೇಟರ ಮುಂದೆ ಹಾದುಹೋಗುತ್ತಿತ್ತು. 2023ರ ಜನವರಿಯಲ್ಲಿ ಅದನ್ನು ಸಡಿಲಿಸಿದ್ದರಿಂದ ಈಗ ಇಬ್ಬರು ಸಾಕ್ಷಿಗಳು ಮತ್ತು ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಇದ್ದರೆ ಸಾಕು. 2025ರ ಜನವರಿ ಕೊನೆಯಲ್ಲಿ ಕರ್ನಾಟಕ ಸರ್ಕಾರವೂ ಇದನ್ನು ಜಾರಿಗೊಳಿಸಲು ಆದೇಶ ಹೊರಡಿಸಿತು. ಗುಣವಾಗುವ ಆಸೆಯಿಲ್ಲದ ಸ್ಥಿತಿಯಲ್ಲಿ ಉಸಿರಾಟದ ಯಂತ್ರ ಹಾಕಬೇಡಿ ಎಂದು ಅಮ್ಮ ಬರೆಸಿದ್ದಾಳೆ, ತಾನು ಹೇಳಲಾಗದಾಗ ಹೇಳಬೇಕಾದವರೆಂದು ನನ್ನ ಮತ್ತು ತಮ್ಮನ ಹೆಸರು ಹಾಕಿಸಿದ್ದಾಳೆ. ಅದರ ಪ್ರತಿ ವಾಟ್ಸಾಪಿನಲ್ಲಿ ಬಂದಾಗ ತಮ್ಮ ಗಾಬರಿಯಾಗಿ ನನಗೆ ಫೋನ್ ಮಾಡಿದ: "ಅಕ್ಕಾ, ಇನ್ನು ಅವಳಿಗೆ ಜ್ವರ ಬಂದರೂ ಡಾಕ್ಟರು ಮುಟ್ಟುವುದಿಲ್ವಾ?" ಹಾಗಲ್ಲ. ಅವಳಿಗೆ ಬುದ್ಧಿ ಸ್ತಿಮಿತದಲ್ಲಿರುವಷ್ಟು ದಿನ ಆ ಕಾಗದಕ್ಕೆ ಕೆಲಸವೇ ಇಲ್ಲ, ಅವಳ ಬಾಯಿ ಮಾತೇ ಕಾಗದ. ಬುದ್ಧಿ ತಪ್ಪಿದಾಗಲೂ, ಸೋಡಿಯಂ ಇಳಿದ ಹಾಗೆ ಗುಣವಾಗುವಂಥದ್ದಾದರೆ ಅದು ಅನ್ವಯಿಸುವುದಿಲ್ಲ. ಆ ಆಗಸ್ಟಿನಲ್ಲಿ ಈ ಕಾಗದ ನನ್ನ ಕೈಯಲ್ಲಿದ್ದಿದ್ದರೂ ನಾವು ಆಸ್ಪತ್ರೆಗೇ ಹೋಗುತ್ತಿದ್ದೆವು.

ಈಗ ಬಿಪಿಗೆ ಬೇರೆ ಮಾತ್ರೆ. ಆಗಾಗ ಲ್ಯಾಬಿನ ಹುಡುಗ ಮನೆಗೇ ಬಂದು ರಕ್ತ ತೆಗೆಯುತ್ತಾನೆ, ಅಮ್ಮ ಅವನಿಗೆ ಬಾಳೆಕಾಯಿ ಹಪ್ಪಳ ಕೊಡುತ್ತಾಳೆ. ಹೋದ ಸಲದ ಸೋಡಿಯಂ 137. ಹಟ್ಟಿಯ ಕೆಲಸಕ್ಕೆಂದು ಬರುವ ಹೆಂಗಸು ರಾತ್ರಿ ಜಗಲಿಯಲ್ಲಿ ಮಲಗಲು ಒಪ್ಪಿದ್ದಾಳೆ, ಅಮ್ಮನೂ ಒಪ್ಪಿದ್ದಾಳೆ, ಯಾಕೆಂದರೆ ಅದು ಹಸುವಿನ ಕಾವಲಿಗೆ. ತಮ್ಮ ಚಾವಡಿಯಲ್ಲಿ ಕ್ಯಾಮೆರಾ ಇಡಬೇಕೆಂದು ಪಟ್ಟು ಹಿಡಿದಿದ್ದಾನೆ, ಬೆಂಗಳೂರಿನಿಂದ ಅವನೂ ಬಹ್ರೇನಿನಿಂದ ನಾನೂ ನೋಡಬಹುದಂತೆ. ಚಾವಡಿಯಲ್ಲಿ ತಾನು ಕಾಲು ಚಾಚಿ ಕೂರುತ್ತೇನೆ, ಅದನ್ನು ಮೂರು ಊರಿಗೆ ತೋರಿಸುವ ಅಗತ್ಯವಿಲ್ಲ ಎನ್ನುತ್ತಾಳೆ ಅಮ್ಮ. ಪಾಚಿ ಕಟ್ಟುವ ಅಂಗಳಕ್ಕೆ ಮುಖ ಮಾಡಿ ಇಟ್ಟರೆ ಹೇಗೆ ಎಂದು ನಾನು ಕೇಳಿದ್ದೇನೆ. ಅಂಗಳಕ್ಕೆ ಆದೀತು, ಆದರೆ ಅದರಲ್ಲಿ ಮಾತು ಕೇಳಿಸಬಾರದು, ನೆರೆಮನೆಯವಳ ಜೊತೆ ಏನೇನೋ ಮಾತಾಡುವುದಿರುತ್ತದೆ ಎಂದಿದ್ದಾಳೆ. ಮೈಕ್ ಇಲ್ಲದ ಕ್ಯಾಮೆರಾ ಎಲ್ಲಿ ಸಿಗುತ್ತದೆಂದು ತಮ್ಮ ಹುಡುಕುತ್ತಿದ್ದಾನೆ.